5 ಕಿ.ಮೀ. ಓಟಕ್ಕೆ ನಾನು ಹ್ಯಾಂಡಿಕ್ಯಾಪ್ ಹಾಕುವ ಲೆಕ್ಕ

ನಮ್ಮ ಬಡಾವಣೆಯ ತಿಂಗಳ ಓಟದಲ್ಲಿ 22 ನಿಮಿಷಕ್ಕೆ ಮುಗಿಸುವ ಕಾಲೇಜು ಹುಡುಗನೂ ಇದ್ದಾನೆ, 36 ನಿಮಿಷ ಬೇಕಾಗುವ ನಿವೃತ್ತ ಮೇಷ್ಟ್ರೂ ಇದ್ದಾರೆ. ಎಲ್ಲರಿಗೂ ಒಂದೇ ಸಲ ಸೀಟಿ ಊದಿದರೆ ಯಾರು ಗೆಲ್ಲುತ್ತಾರೆ ಅನ್ನುವುದು ಮೊದಲೇ ಗೊತ್ತು. ಅದಕ್ಕೇ ಹ್ಯಾಂಡಿಕ್ಯಾಪ್ ಹಾಕುತ್ತೇವೆ, ಲೆಕ್ಕ ನನ್ನದು.

ಪ್ರತಿಯೊಬ್ಬರಿಗೂ ಒಂದು ಅಂದಾಜು ಸಮಯ ಇರುತ್ತದೆ. ಅತಿ ನಿಧಾನದವರು ಮೊದಲು ಹೊರಡುತ್ತಾರೆ. ಉಳಿದವರು ಅವರಿಗಿಂತ ಎಷ್ಟು ವೇಗವೋ ಅಷ್ಟು ಹೊತ್ತು ಕಾಯಬೇಕು. ಮೇಷ್ಟ್ರು ಹೊರಟ 8 ನಿಮಿಷಕ್ಕೆ 28 ನಿಮಿಷದ ಅಂದಾಜಿನ ಪಕ್ಕದ ಮನೆ ಅಕ್ಕ, 14 ನಿಮಿಷಕ್ಕೆ ಹುಡುಗ. ಅಂದಾಜು ಸರಿಯಿದ್ದರೆ ಮೂವರೂ 36ನೇ ನಿಮಿಷಕ್ಕೆ ಗೆರೆ ಮುಟ್ಟಬೇಕು. ಓಟ ಮುಗಿದ ಮೇಲೆ ಕೂಡಿ ಕಳೆಯುವುದಕ್ಕಿಂತ ನನಗೆ ಇದೇ ಇಷ್ಟ: ಮೊದಲು ಬಂದವರೇ ಗೆದ್ದವರು, ವಾದವಿಲ್ಲ.

ಕಷ್ಟ ಇರುವುದು ಅಂದಾಜಿನಲ್ಲಿ. ಮೊದಲ ಸಲ ಹಾಕುವಾಗ ಹಿಂದಿನ ಮೂರು ಓಟಗಳ ಸರಾಸರಿ ಬೇಡ, ಅವುಗಳಲ್ಲಿ ಅತ್ಯುತ್ತಮ ಸಮಯ ಹಿಡಿಯುತ್ತೇನೆ. ಬೇಕೆಂದೇ ನಿಧಾನ ಓಡಿ ಅಂದಾಜು ಹೆಚ್ಚಿಸಿಕೊಳ್ಳುವವರಿಗೆ ಸರಾಸರಿ ತುಂಬ ಅನುಕೂಲ. 10 ಕಿ.ಮೀ. ಸಮಯ ಮಾತ್ರ ಇರುವವರಿಗೆ, ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯ ಅಂದಾಜಿಸುವ ರೀಗೆಲ್ ಸೂತ್ರ. T1, D1 ಗೊತ್ತಿರುವ ಸಮಯ, ದೂರ; T2, D2 ಬೇಕಾದ ಸಮಯ, ದೂರ:

```
T2 = T1 × (D2/D1)^1.06
```

10 ಕಿ.ಮೀ.ಗೆ 60 ನಿಮಿಷವಾದರೆ 5 ಕಿ.ಮೀ.ಗೆ ಸುಮಾರು 28:47 ಬರುತ್ತದೆ. ಆದರೂ ಹೊಸಬರ ಮೊದಲ ಓಟಕ್ಕೆ ಬಹುಮಾನವಿಲ್ಲ.

ಓಟವಾದ ಮೇಲೆ ಅಂದಾಜು ತಿದ್ದುವುದೇ ಮುಖ್ಯ. ಅಂದಾಜಿಗಿಂತ ಬೇಗ ಓಡಿದರೆ ಹೊಸ ಸಮಯವೇ ಪೂರ್ತಿ ಜಾರಿ. ತಡವಾದರೆ ತಡವಾದದ್ದರ ಮೂರನೇ ಒಂದು ಭಾಗ ಮಾತ್ರ ಸೇರಿಸುತ್ತೇನೆ. ಒಮ್ಮೆ ಮೇಷ್ಟ್ರು 34:30ಕ್ಕೆ ಮುಗಿಸಿ ಗೆದ್ದರು. ಹುಡುಗ 21:50 ಓಡಿ ಗಡಿಯಾರದಲ್ಲಿ 35:50ಕ್ಕೆ ಬಂದ. ಅಕ್ಕ 28:40 ಓಡಿ 36:40ಕ್ಕೆ ಬಂದರು. ಮುಂದಿನ ತಿಂಗಳಿಗೆ ಮೇಷ್ಟ್ರು 34:30, ಹುಡುಗ 21:50. ಅಕ್ಕನಿಗೆ 40 ಸೆಕೆಂಡಿನಲ್ಲಿ 13 ಸೇರಿಸಿ 28:13. ಈಗ ಅಕ್ಕ 6:17ಕ್ಕೆ, ಹುಡುಗ 12:40ಕ್ಕೆ ಹೊರಡಬೇಕು. "ಗೆದ್ದಿದ್ದಕ್ಕೆ ದಂಡ ಹಾಕ್ತೀಯಲ್ಲೋ" ಅಂತ ಮೇಷ್ಟ್ರು ರೇಗಿಸಿದರು. ದಂಡವೇ ಸರಿ, ಆದರೆ ತಡಕ್ಕೆ ಪೂರ್ತಿ ರಿಯಾಯಿತಿ ಕೊಟ್ಟರೆ ಈ ತಿಂಗಳು ಆರಾಮಾಗಿ ಓಡಿದವರು ಮುಂದಿನ ತಿಂಗಳು ಗೆಲ್ಲುತ್ತಾರೆ.

ಸತತ ಕೆಲವು ತಿಂಗಳು ಮೊದಲು ಹೊರಟವರೇ ಗೆಲ್ಲುತ್ತಿದ್ದರೆ ಅಂದಾಜು ಹಿಂದೆ ಬಿದ್ದಿದೆ ಎಂದರ್ಥ. ಹೊಸದಾಗಿ ಓಡತೊಡಗಿದವರು ಒಂದೆರಡು ತಿಂಗಳಲ್ಲಿ ನಿಮಿಷಗಟ್ಟಲೆ ಸುಧಾರಿಸಬಹುದು, 22 ನಿಮಿಷದವನಿಗೆ ಕೆಲವು ಸೆಕೆಂಡು ಸಿಕ್ಕರೂ ಹೆಚ್ಚು. ಅಂಥ ಹೊಸಬರ ಅಂದಾಜಿನಿಂದ ಓಟಕ್ಕೆ ಮೊದಲೇ ಅರ್ಧ ನಿಮಿಷ ಕಳೆಯುತ್ತೇನೆ. ಮಳೆ ಬಿದ್ದು ದಾರಿ ಕೆಸರಾದ ದಿನದ ಸಮಯಗಳನ್ನು ಮಾತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ.