ಒಂದೇ ಆ್ಯಪ್ ಮುಂದಿಟ್ಟು ಬರೆದ ಕವರ್ ಲೆಟರ್

ರಾಯಚೂರಿನಿಂದ ಬೆಂಗಳೂರಿನ ಕಂಪನಿಯೊಂದಕ್ಕೆ ಜೂನಿಯರ್ ಆಂಡ್ರಾಯ್ಡ್ ಡೆವಲಪರ್ ಕೆಲಸಕ್ಕೆ ಅರ್ಜಿ ಹಾಕುವಾಗ ನನ್ನ ಹತ್ತಿರ ಇದ್ದದ್ದು ಪ್ಲೇ ಸ್ಟೋರಿನ ಒಂದು ಆ್ಯಪ್ ಮಾತ್ರ. ಹತ್ತಿ ಮಾರುವ ರೈತರು ತೂಕ, ದರ, ಬರಬೇಕಾದ ಬಾಕಿ ಬರೆದಿಟ್ಟುಕೊಳ್ಳುವ ಲೆಕ್ಕದ ಆ್ಯಪ್ ಅದು. ಹಾಗಾಗಿ ಇಡೀ ಪತ್ರವನ್ನು ಅದರ ಮೇಲೆಯೇ ನಿಲ್ಲಿಸಿದೆ. ಕೋಟ್ಲಿನ್, ಕಂಪೋಸ್, ರೂಮ್ ಎಂಬ ಪಟ್ಟಿ ರೆಸ್ಯೂಮೆಯಲ್ಲಿ ಹೇಗೂ ಇರುತ್ತದೆ, ಪತ್ರದಲ್ಲಿ ಮತ್ತೆ ಬೇಕಿಲ್ಲ.

ಮೊದಲ ಎರಡು ಸಾಲಿನಲ್ಲಿ ಯಾವ ಹುದ್ದೆ, ಆ್ಯಪ್ ಏನು ಮಾಡುತ್ತದೆ, ಅದರ ಲಿಂಕ್ ಏನು ಎಂಬುದನ್ನು ಮುಗಿಸಿದೆ. ಪತ್ರದ ಜೀವ ಇದ್ದದ್ದು ನಡುವಿನ ಪ್ಯಾರಾದಲ್ಲಿ. ಅದರ ಸಾರ ಹೀಗಿತ್ತು:

“ತೂಕ ಬರೆದ ಕೂಡಲೇ ಅದು ಫೋನಿನಲ್ಲೇ ರೂಮ್ ಡೇಟಾಬೇಸಿಗೆ ಸೇರುತ್ತದೆ. ನೆಟ್‌ವರ್ಕ್ ಸಿಕ್ಕಾಗ ವರ್ಕ್‌ಮ್ಯಾನೇಜರ್ ಅದನ್ನು ಸರ್ವರಿಗೆ ಕಳಿಸುತ್ತದೆ. ಸರ್ವರ್ ಉಳಿಸಿಕೊಂಡ ಮೇಲೆ, ಉತ್ತರ ಬರುವ ಮುನ್ನ ಸಿಗ್ನಲ್ ಹೋದರೆ ಫೋನ್ ಅದನ್ನೇ ಮತ್ತೆ ಕಳಿಸುತ್ತದೆ, ಒಂದೇ ತೂಕ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ಯುಯುಐಡಿ ಕೊಡುತ್ತೇನೆ. ಅದೇ ಐಡಿ ಮತ್ತೆ ಬಂದರೆ ಸರ್ವರ್ ಹೊಸ ಸಾಲು ಸೇರಿಸುವುದಿಲ್ಲ. ಒಂದೇ ನಮೂದನ್ನು ಎರಡು ಫೋನಿನಲ್ಲಿ ತಿದ್ದಿದರೆ ಸದ್ಯಕ್ಕೆ ಕೊನೆಗೆ ಬಂದದ್ದೇ ಉಳಿಯುತ್ತದೆ.”

ಕೊನೆಯ ವಾಕ್ಯವನ್ನು ಬೇಕೆಂದೇ ಇಟ್ಟೆ. ಆ್ಯಪಿನ ಮಿತಿಯನ್ನು ನಾವೇ ಹೇಳಿದರೆ ಕೋಡ್ ನಮ್ಮದೇ ಎಂಬುದು ಓದುವ ಡೆವಲಪರಿಗೆ ತಿಳಿಯುತ್ತದೆ, ಸಂದರ್ಶನದ ಮೊದಲ ಪ್ರಶ್ನೆಯೂ ನಮಗೆ ಗೊತ್ತಿರುವ ಕಡೆಯಿಂದಲೇ ಬರುವ ಸಾಧ್ಯತೆ ಹೆಚ್ಚು. ಡೌನ್‌ಲೋಡ್ ಸಂಖ್ಯೆ ಬರೆಯಲಿಲ್ಲ. ಫ್ರೆಶರ್ ಆ್ಯಪಿಗೆ ಅದು ಚಿಕ್ಕದೇ, ಬೇಕೆಂದವರಿಗೆ ಸ್ಟೋರಿನಲ್ಲೇ ಕಾಣುತ್ತದೆ.

ಹೆಚ್ಚು ಎಡವಟ್ಟಾಗುವುದು ಲಿಂಕಿನಲ್ಲಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಪ್ರೊಡಕ್ಷನ್‌ಗೆ, ಅಂದರೆ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕುವ ಮುನ್ನ ಕನಿಷ್ಠ 12 ಜನ ಪರೀಕ್ಷಕರು ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಸತತ 14 ದಿನ ಇರಬೇಕು. ಈ ಹಂತದಲ್ಲೂ ಪರೀಕ್ಷಕರ ಫೋನಿನಲ್ಲಿ, ನಾವೂ ಪರೀಕ್ಷಕರಾಗಿ ಸೇರಿದ್ದರೆ ನಮ್ಮ ಫೋನಿನಲ್ಲಿ ಸ್ಟೋರ್ ಪುಟ ಚೆನ್ನಾಗಿಯೇ ತೆರೆಯುತ್ತದೆ. ಎಚ್‌ಆರ್ ಒತ್ತಿದರೆ ಮಾತ್ರ ಸಿಗುವುದಿಲ್ಲ, ಯಾಕೆಂದರೆ ಅವರ ಮೇಲ್ ಐಡಿ ಪರೀಕ್ಷಕರ ಪಟ್ಟಿಯಲ್ಲಿಲ್ಲ. ಆದ್ದರಿಂದ “ಪ್ಲೇ ಸ್ಟೋರಿನಲ್ಲಿದೆ” ಎಂದು ಬರೆಯುವ ಮುನ್ನ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಯಾವ ಖಾತೆಗೂ ಲಾಗಿನ್ ಆಗದೆ ಲಿಂಕ್ ತೆರೆದು ನೋಡಿದೆ. ಅಲ್ಲಿ ಕಂಡರಷ್ಟೇ ಎಲ್ಲರಿಗೂ ಕಾಣುತ್ತದೆ ಎಂದರ್ಥ. ಲಿಂಕನ್ನು ಚುಟುಕು ಮಾಡದೆ ಇಡಿಯಾಗಿ ಹಾಕಿದೆ:

```
https://play.google.com/store/apps/details?id=ಪ್ಯಾಕೇಜ್‌ಹೆಸರು
```

`id=` ಮುಂದೆ ಬರುವ ಪ್ಯಾಕೇಜ್ ಹೆಸರನ್ನು ಪ್ರಕಟಿಸಿದ ಮೇಲೆ ಬದಲಿಸಲು ಬರುವುದಿಲ್ಲ. ಪತ್ರದಲ್ಲಿ ಅದು ಓದುವವರ ಕಣ್ಣಿಗೆ ಬೀಳುತ್ತದೆ, ಹಾಗಾಗಿ `test1`ನಂಥ ಹೆಸರನ್ನು ಮೊದಲ ಅಪ್‌ಲೋಡಿಗೆ ಮುನ್ನವೇ ತೆಗೆಯಬೇಕು.