ಟೇಬಲ್ ಬರಲಿಲ್ಲ, ಹಣ ವಾಪಸ್ ಬಂತು: ನನ್ನ ಚಾರ್ಜ್‌ಬ್ಯಾಕ್ ಅನುಭವ

ಮಗಳ ಓದಿಗೆ ಅಂತ ಆನ್‌ಲೈನ್ ಅಂಗಡಿಯೊಂದರಲ್ಲಿ ಮರದ ಟೇಬಲ್ ಆರ್ಡರ್ ಮಾಡಿದ್ದೆ. ಬೆಲೆ 18,400 ರೂಪಾಯಿ. ಪೂರ್ತಿ ಹಣವನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಮೊದಲೇ ಕಟ್ಟಿಸಿಕೊಂಡಿದ್ದರು. ನವೆಂಬರ್ 10ರೊಳಗೆ ತಲುಪುತ್ತದೆ ಅಂತ ಆರ್ಡರ್ ಮೇಲ್‌ನಲ್ಲಿ ಬರೆದಿತ್ತು. ಆ ದಿನ ಬಂತು, ಹೋಯಿತು, ಟೇಬಲ್ ಮಾತ್ರ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ಗ್ಯಾರಂಟಿ" ಅನ್ನುತ್ತಿದ್ದರು.

ಈ "ಮುಂದಿನ ವಾರ" ಸುಮ್ನೆ ಹೇಳುವ ಮಾತಲ್ಲ, ನಮ್ಮ ಗಡುವನ್ನು ತಿನ್ನುವ ಮಾತು. ಕಾರ್ಡ್‌ನಲ್ಲಿ ಕಟ್ಟಿದ ಹಣವನ್ನು ಮಾರಿದವರಿಂದ ಬ್ಯಾಂಕ್ ಮೂಲಕ ವಾಪಸ್ ಕೇಳುವುದೇ ಚಾರ್ಜ್‌ಬ್ಯಾಕ್, ಅದನ್ನು ಕೇಳಲು ಇಂತಿಷ್ಟೇ ದಿನ ಅಂತ ಇರುತ್ತದೆ. ವಸ್ತು ಬರದಿದ್ದಾಗ ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಸಾಮಾನ್ಯವಾಗಿ 120 ದಿನಗಳ ಅವಕಾಶ ಇರುತ್ತದೆ. ತಲುಪಿಸುತ್ತೇವೆ ಅಂತ ಮಾತು ಕೊಟ್ಟ ತಾರೀಖಿದ್ದರೆ ಆ ದಿನದಿಂದ ಎಣಿಸುತ್ತಾರೆ, ಹಣ ಕಟ್ಟಿದ ದಿನದಿಂದಲ್ಲ. ಆದರೆ ಆ ತಾರೀಖು ಬರಹದಲ್ಲಿ ಇರಬೇಕು. ಬ್ಯಾಂಕ್‌ಗಳು ತಮ್ಮ ಫಾರ್ಮ್‌ನಲ್ಲಿ ಇದಕ್ಕಿಂತ ಕಡಿಮೆ ದಿನ ಹಾಕಿರಬಹುದು, ಹಾಗಾಗಿ 120 ಅಂತ ನಂಬಿ ಕೂರಬಾರದು. ತಾರೀಖು ದಾಟಿದ ಮೇಲೆ ನಾನು ಫೋನ್ ಬಿಟ್ಟು ಮೇಲ್‌ಗೆ ಇಳಿದೆ: "ನವೆಂಬರ್ 10ಕ್ಕೆ ಬರಬೇಕಿತ್ತು, ಬಂದಿಲ್ಲ. ಏಳು ದಿನದೊಳಗೆ ತಲುಪಿಸಿ, ಇಲ್ಲವೇ ಹಣ ವಾಪಸ್ ಮಾಡಿ." ಮಾರಿದವರ ಜೊತೆ ಮೊದಲು ಬಗೆಹರಿಸಿಕೊಳ್ಳಲು ನೋಡಿದ್ದೀರಾ ಅಂತ ಬ್ಯಾಂಕ್ ಕೇಳುತ್ತದೆ. ಅದಕ್ಕೆ ಈ ಮೇಲ್ ಒಂದೇ ಸಾಕಾಯಿತು.

ಆ ಏಳು ದಿನ ಮುಗಿದ ಮೇಲೆ ಬ್ಯಾಂಕ್‌ನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗ ಕೇಳಿದ ಮೊದಲ ಪ್ರಶ್ನೆ, "ಈ ಟ್ರಾನ್ಸಾಕ್ಷನ್ ನೀವು ಮಾಡಿದ್ದಲ್ವಾ?" ನಾನೇ ಮಾಡಿದ್ದು, ಓಟಿಪಿ ಕೊಟ್ಟಿದ್ದೂ ನಾನೇ ಅಂದೆ. ಇಲ್ಲಿ ಸುಳ್ಳು ಹೇಳಿದರೆ ಕೇಸೇ ಬಿದ್ದುಹೋಗುತ್ತದೆ. "ನಾನು ಮಾಡಿಲ್ಲ" ಅಂದರೆ ಅದು ವಂಚನೆಯ ದೂರು. ಕಾರ್ಡ್ ಬ್ಲಾಕ್ ಮಾಡುತ್ತಾರೆ, ಆಮೇಲೆ ಓಟಿಪಿ ದಾಖಲೆ ನೋಡಿ ದೂರು ತಳ್ಳಿಹಾಕುತ್ತಾರೆ. ಓಟಿಪಿ ಕೊಟ್ಟಿದ್ದರೂ ವಸ್ತು ಬಂದಿಲ್ಲ ಅನ್ನುವ ದೂರಿಗೆ ಅದು ಅಡ್ಡಿಯಲ್ಲ. ಫಾರ್ಮ್‌ನಲ್ಲಿ ನಾನು ಗುರುತು ಹಾಕಿದ್ದು "Goods or services not received" ಎಂಬ ಸಾಲಿಗೆ. ಮೂರು ದಿನದೊಳಗೆ ತಿಳಿಸಬೇಕು ಅಂತ ಕೆಲವರು ಹೆದರಿಸುತ್ತಾರೆ. ಅದು ಆರ್‌ಬಿಐ 2017ರಲ್ಲಿ ತಂದ ನಿಯಮ, ನಮಗೆ ಗೊತ್ತಿಲ್ಲದೆ ನಡೆದ ವ್ಯವಹಾರಗಳಿಗೆ ಮಾತ್ರ. ಇಲ್ಲಿಗೆ ಸಂಬಂಧ ಇಲ್ಲ.

ಫಾರ್ಮ್ ಜೊತೆ ಕಳಿಸಿದ ದಾಖಲೆಗಳು ಜಾಸ್ತಿ ಏನಿಲ್ಲ. ತಾರೀಖು ಕಾಣುವ ಆರ್ಡರ್ ಮೇಲ್, ನನ್ನ ಮೇಲ್ ಮತ್ತು ಅವರ ಉತ್ತರ, ಕೊರಿಯರ್ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್, ಸ್ಟೇಟ್‌ಮೆಂಟ್‌ನ ಆ ಸಾಲು. ಸ್ಟೇಟ್‌ಮೆಂಟ್‌ನಲ್ಲಿ ಅಂಗಡಿಯ ಹೆಸರಿನ ಬದಲು ಪೇಮೆಂಟ್ ಗೇಟ್‌ವೇ ಹೆಸರಿತ್ತು. ಎರಡೂ ಒಂದೇ ವ್ಯವಹಾರ ಅಂತ ತೋರಿಸಲು ಮೊತ್ತ, ದಿನ, ಆರ್ಡರ್ ನಂಬರನ್ನು ಒಂದೇ ಸಾಲಿನಲ್ಲಿ ಬರೆದೆ. ಹತ್ತು ಪುಟದ ಕಥೆ ಬರೆದರೆ ಓದುವವರಿಲ್ಲ.

ಸ್ವಲ್ಪ ದಿನಕ್ಕೆ 18,400 ಖಾತೆಗೆ ಜಮಾ ಆಯಿತು. ಖುಷಿಪಡುವ ಮೊದಲು ಮೆಸೇಜ್ ಪೂರ್ತಿ ಓದಬೇಕು. ಅದು ತಾತ್ಕಾಲಿಕ ಜಮಾ, ಎದುರಿನವರು ಗೆದ್ದರೆ ವಾಪಸ್ ಹೋಗುತ್ತದೆ. ಎಲ್ಲ ಬ್ಯಾಂಕೂ ಇದನ್ನು ಕೊಡುವುದಿಲ್ಲ. ಕೊಡದಿದ್ದರೆ ವ್ಯಾಜ್ಯದ ಮೊತ್ತವನ್ನು ಬಿಲ್‌ನಲ್ಲಿ ಕಟ್ಟಬೇಕೋ ಬೇಡವೋ ಅಂತ ಬ್ಯಾಂಕ್‌ನಿಂದ ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಬಡ್ಡಿ ಬೀಳಬಹುದು.

ಚಾರ್ಜ್‌ಬ್ಯಾಕ್ ಹಾಕಿದ ಕೂಡಲೇ ಮುಗಿಯಲಿಲ್ಲ. ಮಾರಿದವರಿಗೂ ಉತ್ತರಿಸಲು ಸಮಯ ಇರುತ್ತದೆ. ಅವರು ಕೊರಿಯರ್‌ನ ಡೆಲಿವರಿ ರಸೀದಿ ಕಳಿಸಿ "ತಲುಪಿಸಿದ್ದೇವೆ" ಅಂದುಬಿಟ್ಟರು. ಬ್ಯಾಂಕ್ ಅದರ ಪ್ರತಿ ನನಗೆ ಕಳಿಸಿ ಉತ್ತರ ಕೇಳಿತು. ಬಿಡಿಸಿ ನೋಡಿದರೆ ಸಹಿ ಯಾರದ್ದೋ, ಪಿನ್‌ಕೋಡ್ ನಮ್ಮದಲ್ಲ. ತೂಕದ ಜಾಗದಲ್ಲಿ 0.5 ಕೆಜಿ. ಟೇಬಲ್ ತೂಕ 32 ಕೆಜಿ ಅಂತ ಅವರದ್ದೇ ವೆಬ್‌ಸೈಟ್‌ನಲ್ಲಿತ್ತು! ಬೇರೆ ಯಾವುದೋ ಕವರ್ ಕಳಿಸಿ ಅದರ ರಸೀದಿ ಅಂಟಿಸಿದ್ದರು. ವೆಬ್‌ಸೈಟ್‌ನ ಆ ಪುಟ, ಆರ್ಡರ್‌ನಲ್ಲಿದ್ದ ನನ್ನ ವಿಳಾಸ, ಅವರ ರಸೀದಿ, ಮೂರನ್ನೂ ಒಂದೇ ಪಿಡಿಎಫ್‌ನಲ್ಲಿ ಜೋಡಿಸಿ ಎರಡು ಗೆರೆ ಬರೆದು ಮರುದಿನವೇ ಕಳಿಸಿದೆ. ಈ ಉತ್ತರಕ್ಕೆ ಬ್ಯಾಂಕ್ ಕೊಡುವ ದಿನಗಳು ತುಂಬಾ ಕಡಿಮೆ, ಮೇಲ್ ನೋಡದೆ ಬಿಟ್ಟರೆ ಕೇಸ್ ಅಲ್ಲಿಗೇ ಮುಚ್ಚಿಹೋಗುತ್ತದೆ. ಅಂಗಡಿಯವರು ಮತ್ತೆ ವಾದಿಸಲಿಲ್ಲ. ತಾತ್ಕಾಲಿಕ ಅಂತಿದ್ದ ಜಮಾ ಖಾಯಂ ಆಯಿತು.

ಬ್ಯಾಂಕ್ ಕೈಯೆತ್ತಿದ್ದರೆ ಏನು ಮಾಡಬೇಕು ಅಂತಲೂ ನೋಡಿಟ್ಟುಕೊಂಡಿದ್ದೆ. ಮೊದಲು ಬ್ಯಾಂಕ್‌ಗೆ ಬರಹದಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ. ಅಲ್ಲೂ ಮೊದಲು ಕೇಳುವುದು ಬ್ಯಾಂಕ್‌ಗೆ ಕೊಟ್ಟ ದೂರಿನ ಪ್ರತಿ ಮತ್ತು ದಿನಾಂಕವನ್ನೇ.