ಹಳೇ ಮನೆ, ಬಿಲ್ಡರ್ ಕೊಟ್ಟ 50:50, ನಾವು ಕೊನೆಗೆ ಸಹಿ ಹಾಕಿದ ಕರಾರು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು 60*80 ಅಡಿ ಸೈಟು. ಆಗ ಬಡಾವಣೆ ಮಾಡಿ ಸೈಟು ಹಂಚುತ್ತಿದ್ದ ಸಿಐಟಿಬಿಯಿಂದ ಅಪ್ಪ ತಗೊಂಡಿದ್ದು. ಮಂಗಳೂರು ಹೆಂಚಿನ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ, ಹಿಂದೆ ಬಾವಿ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಮಳೆಗಾಲ ಬಂದರೆ ಆರು ಕಡೆ ಬಕೆಟ್ ಇಡಬೇಕಿತ್ತು. ಆಗ ಶುರುವಾಯಿತು ನೋಡಿ, ವಾರಕ್ಕೊಬ್ಬ ಬಿಲ್ಡರ್ ಗೇಟ್ ಹತ್ತಿರ ಬಂದು "ಸಾರ್, ಜೆಡಿ ಮಾಡೋಣ್ವಾ, ನಿಮ್ಮದು ಒಂದು ಪೈಸೆ ಖರ್ಚಿಲ್ಲ" ಅನ್ನೋದು.

ಜಾಯಿಂಟ್ ಡೆವಲಪ್‌ಮೆಂಟ್ ಅಂದರೆ ಜಾಗ ನಮ್ಮದು, ಕಟ್ಟೋ ದುಡ್ಡು ಅವರದು, ಫ್ಲ್ಯಾಟುಗಳನ್ನು ಹಂಚಿಕೊಳ್ಳೋದು. ನಮಗೆ ಬಂದ ಆಫರ್ ಹೀಗಿತ್ತು: ಸ್ಟಿಲ್ಟ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಎರಡರಂತೆ ಎಂಟು ಫ್ಲ್ಯಾಟ್. ನಾಲ್ಕು ನಮಗೆ, ನಾಲ್ಕು ಅವರಿಗೆ. 10 ಲಕ್ಷ ಡೆಪಾಸಿಟ್, ಮನೆ ಕೊಟ್ಟ ಮೇಲೆ ನಾವು ಅದನ್ನು ವಾಪಸ್ ಕೊಡಬೇಕು. ಅರ್ಧ ಅರ್ಧ, ಕೇಳೋಕೆ ನ್ಯಾಯವಾಗಿಯೇ ಇದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ತಂಗಿಯಂತೂ ಫೋನಿನಲ್ಲೇ "ಹೂಂ ಅಂದುಬಿಡು" ಅಂದಳು.

ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ನಮ್ಮ ರಸ್ತೆಯಲ್ಲಿ ಆಗ ಜಾಗ ಚದರ ಅಡಿಗೆ ಸುಮಾರು 7000ಕ್ಕೆ ಹೋಗುತ್ತಿತ್ತು. 4800 ಅಡಿಗೆ 3 ಕೋಟಿ 36 ಲಕ್ಷ. ಸುಮ್ನೆ ಸೈಟು ಮಾರಿದರೆ ಬರೋದು ಅಷ್ಟು. ಕಟ್ಟೋದು ಎಂಟೂ ಸೇರಿ ಸುಮಾರು 84 ಚದರ, ಅಂದರೆ 8400 ಚದರ ಅಡಿ. ಗೊತ್ತಿದ್ದ ಎಂಜಿನಿಯರ್ ಒಬ್ಬರನ್ನು ಕೇಳಿದರೆ ಸ್ಟಿಲ್ಟ್, ಲಿಫ್ಟ್, ಪ್ಲಾನ್ ಫೀಸು ಎಲ್ಲಾ ಸೇರಿ 2 ಕೋಟಿ 20 ಲಕ್ಷ ಅಂದರು. ಅಂಥ ಫ್ಲ್ಯಾಟು ಅಕ್ಕಪಕ್ಕದಲ್ಲಿ 75 ಲಕ್ಷಕ್ಕೆ ಮಾರಾಟ ಆಗುತ್ತಿತ್ತು. ಅಂದರೆ ನಮ್ಮ ನಾಲ್ಕು ಫ್ಲ್ಯಾಟಿನ ಬೆಲೆ 3 ಕೋಟಿ. 3 ಕೋಟಿ 36 ಲಕ್ಷದ ಜಾಗ ಕೊಟ್ಟು, ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದು, 3 ಕೋಟಿಯ ಫ್ಲ್ಯಾಟು ತಗೊಳ್ಳೋದು. ಬಿಲ್ಡರ್‌ಗೆ 2 ಕೋಟಿ 20 ಲಕ್ಷ ಹಾಕಿದರೆ 3 ಕೋಟಿ.

ಜಾಗದ ಬೆಲೆ ಕಟ್ಟೋ ಖರ್ಚಿಗಿಂತ ಜಾಸ್ತಿ ಇರೋ ಹಳೇ ಬಡಾವಣೆಗಳಲ್ಲಿ ಅರ್ಧ ಅರ್ಧ ಅನ್ನೋದು ಓನರ್‌ಗೆ ನಷ್ಟ. ರಿಂಗ್ ರೋಡ್ ಆಚೆ, ಜಾಗ ಅಗ್ಗ ಇರೋ ಕಡೆ ಅದೇ ಅರ್ಧ ಸರಿ ಇರಬಹುದು, ಇನ್ನೂ ಕಮ್ಮಿಯೇ ನ್ಯಾಯ ಆಗಬಹುದು. ಶೇಕಡಾವಾರು ಹಿಡಿದು ಎಳೆದಾಡೋ ಮುಂಚೆ ಈ ಮೂರು ಅಂಕಿ ಬರೆದುಕೊಳ್ಳಿ: ಜಾಗದ ಇವತ್ತಿನ ಬೆಲೆ, ಕಟ್ಟೋ ಖರ್ಚು, ಮುಗಿದ ಫ್ಲ್ಯಾಟಿನ ಬೆಲೆ.

ಐದು ಫ್ಲ್ಯಾಟ್ ಕೇಳಿದರೆ ಬಿಲ್ಡರ್‌ಗೆ ಲಾಭವೇ ಇರಲ್ಲ. ಲಾಭ ಇಲ್ಲದ ಬಿಲ್ಡರ್ ಮಧ್ಯದಲ್ಲಿ ಬಿಟ್ಟು ಹೋಗ್ತಾನೆ, ಇಲ್ಲಾ ಕಂಬಿ, ಸಿಮೆಂಟಲ್ಲಿ ಕೈ ಹಿಡಿತಾನೆ. ಅದಕ್ಕೆ ನಾಲ್ಕು ಫ್ಲ್ಯಾಟಿನ ಜೊತೆ 35 ಲಕ್ಷ ನಗದು ಕೇಳಿದೆವು, ವಾಪಸ್ ಕೊಡದ ದುಡ್ಡು. ಎರಡು ತಿಂಗಳು ಎಳೆದಾಡಿದರು. ಮೊದಲನೆಯವರು ಬಿಟ್ಟು ಹೋದರು. ಇನ್ನೊಬ್ಬರು ಒಪ್ಪಿದರು. ಇಷ್ಟೆಲ್ಲ ಆದ ಮೇಲೂ ಸೈಟು ಮಾರಿದ್ದರೆ ಬರುತ್ತಿದ್ದಷ್ಟೇ ಬಂತು ನೋಡಿ, ಜಾಸ್ತಿ ಏನಿಲ್ಲ. ನಾವು ಮಾಡಿದ್ದು ಅದೇ ರಸ್ತೆಯಲ್ಲಿ ಇರಬೇಕು, ಅಣ್ಣ ತಂಗಿಗೆ ತಲಾ ಒಂದೊಂದು ಮನೆ ಆಗಬೇಕು ಅಂತ. ದುಡ್ಡೊಂದೇ ಬೇಕಿದ್ದರೆ ಮಾರೋದೇ ನೆಮ್ಮದಿ ಅಂತ ಈಗಲೂ ಹೇಳ್ತೀನಿ.

ಆಮೇಲೆ ಕಾಗದಪತ್ರ. ಅಪ್ಪ ವಿಲ್ ಬರೆದಿರಲಿಲ್ಲ. ವಂಶವೃಕ್ಷ ಮಾಡಿಸಿ, ಖಾತೆ ನಾನು, ಅಣ್ಣ, ತಂಗಿ ಮೂವರ ಹೆಸರಿಗೂ ಮಾಡಿಸಿ, ಮೂವರೂ ಸಹಿ ಹಾಕಿದೆವು. ಇದರಲ್ಲೇ ಐದು ತಿಂಗಳು ಹೋಯಿತು.

ಕರಾರಿನ ಜೊತೆ ಬಿಲ್ಡರ್ ಕಡೆಯಿಂದ ಜಿಪಿಎ, ಅಂದರೆ ನಮ್ಮ ಪರವಾಗಿ ಅವರು ವ್ಯವಹಾರ ಮಾಡೋ ಅಧಿಕಾರ ಪತ್ರದ ಡ್ರಾಫ್ಟ್ ಬಂತು. ಎಲ್ಲರೂ ಶೇಕಡಾವಾರು ಬಗ್ಗೆ ಮಾತಾಡ್ತಾರೆ, ನನ್ನ ಪ್ರಕಾರ ಓನರ್ ಮುಳುಗೋದು ಈ ಜಿಪಿಎಯಲ್ಲಿ. ನಮ್ಮ ಡ್ರಾಫ್ಟಿನಲ್ಲಿ ಇದ್ದದ್ದು: ಬಿಲ್ಡರ್ ನಮ್ಮ ಪರವಾಗಿ ಪ್ಲಾನ್ ಮಾಡಿಸಬಹುದು, ಸರಿ. ಕರೆಂಟು, ನೀರಿಗೆ ಅರ್ಜಿ ಹಾಕಬಹುದು, ಸರಿ. ಅದರ ಕೆಳಗೆ, ಅದೇ ಸಣ್ಣ ಅಕ್ಷರದಲ್ಲಿ, "ಸದರಿ ಸ್ವತ್ತನ್ನು ಅಥವಾ ಅದರ ಯಾವುದೇ ಭಾಗವನ್ನು ಕ್ರಯ ಮಾಡಲು, ಆಧಾರ ಮಾಡಲು". ಯಾವುದೇ ಭಾಗ ಅಂದರೆ ನಮ್ಮ ನಾಲ್ಕು ಫ್ಲ್ಯಾಟೂ ಬಂತು. ಆಧಾರ ಅಂದರೆ ನಮ್ಮ ಇಡೀ ಜಾಗವನ್ನು ಅಡ ಇಟ್ಟು ಸಾಲ ತೆಗೆಯೋದು. ಕಟ್ಟೋಕೆ ಮುಂಚೆಯೇ ಎಂಟನ್ನೂ ಮಾರೋ ಅಧಿಕಾರ. ಇಂಥ ಜಿಪಿಎ ಬೇಕಾದಾಗ ರದ್ದು ಮಾಡ್ತೀನಿ ಅಂತ ಕೂಡ ಹೇಳೋಕಾಗಲ್ಲ. ಏಜೆಂಟನಿಗೇ, ಅಂದರೆ ಇಲ್ಲಿ ಬಿಲ್ಡರ್‌ಗೇ, ಆ ಸ್ವತ್ತಿನಲ್ಲಿ ಹಕ್ಕು ಬಂದಿದ್ದರೆ, ಬೇರೆ ಕರಾರು ಇಲ್ಲದ ಹೊರತು, ಅವನಿಗೆ ತೊಂದರೆ ಆಗೋ ಹಾಗೆ ಅಧಿಕಾರ ಕಿತ್ತುಕೊಳ್ಳುವಂತಿಲ್ಲ, ಕಾಂಟ್ರ್ಯಾಕ್ಟ್ ಆಕ್ಟಿನ 202ನೇ ಸೆಕ್ಷನ್ ಇದೆ ಅಂತ ನಮ್ಮ ವಕೀಲರು ತೋರಿಸಿದರು.

ಪರಿಚಯದವರೊಬ್ಬರ ಕಥೆ ನನ್ನ ಕಣ್ಣ ಮುಂದೆಯೇ ಇತ್ತು. ಅವರ ಬಿಲ್ಡರ್ ತನ್ನ ಪಾಲಿನ ಫ್ಲ್ಯಾಟುಗಳನ್ನೆಲ್ಲ ಕಟ್ಟಡ ಗಾರೆ ಹಂತದಲ್ಲಿದ್ದಾಗಲೇ ಮಾರಿಬಿಟ್ಟ. ದುಡ್ಡು ಕೈಗೆ ಬಂತು, ಇನ್ನು ಕೆಲಸ ಮುಗಿಸೋ ಅವಸರ ಅವನಿಗೆ ಯಾಕೆ? ಲಿಫ್ಟ್ ಗುಂಡಿ ಹಾಗೇ ಬಾಯಿ ಬಿಟ್ಟುಕೊಂಡಿತ್ತು, ಅವರು ಬಾಡಿಗೆ ಮನೆಯಲ್ಲೇ ಇದ್ದರು.

ಅದಕ್ಕೆ ನಾವು ಮಾಡಿಸಿದ ತಿದ್ದುಪಡಿ ಇಷ್ಟು. ಅಡ ಇಡೋ ಅಧಿಕಾರ ಪೂರ್ತಿ ತೆಗೆದೆವು. ಮಾರೋ ಅಧಿಕಾರ ಅವರ ಪಾಲಿನ ನಾಲ್ಕಕ್ಕೆ ಮಾತ್ರ, ಅದೂ ಹಂತ ಹಂತವಾಗಿ. ಮೊದಲನೇ ಫ್ಲ್ಯಾಟಿನ ಕ್ರಯಪತ್ರ ಕೊನೇ ಮಹಡಿಯ ತಾರಸಿ ಬಿದ್ದ ಮೇಲೆ. ಎರಡನೆಯದು ಗಾರೆ, ಪ್ಲಂಬಿಂಗ್ ಮುಗಿದ ಮೇಲೆ. ಮೂರನೆಯದು ಲಿಫ್ಟ್ ಓಡಿದ ಮೇಲೆ. ನಾಲ್ಕನೆಯದು ಕಟ್ಟಡದಲ್ಲಿ ವಾಸಕ್ಕೆ ಕೊಡೋ ಅನುಮತಿ ಪತ್ರ ಓಸಿ ಬಂದು, ನಮ್ಮ ನಾಲ್ಕರ ಬೀಗದ ಕೈ ನಮ್ಮ ಕೈಗೆ ಸಿಕ್ಕಿದ ಮೇಲೆ, ಅದಕ್ಕೆ ನಾವೇ ಬಂದು ಸಹಿ ಹಾಕಬೇಕು. ಅವರು "ಇಷ್ಟು ನಂಬಿಕೆ ಇಲ್ಲದಿದ್ದರೆ ಹೇಗೆ ಸಾರ್" ಅಂದರು. ನಾನು "ನಂಬಿಕೆ ಇದೆ, ಆದರೆ ಕಾಗದದಲ್ಲೂ ಇರಲಿ" ಅಂದೆ. ಮೂಲಪತ್ರ ನಮ್ಮ ಹತ್ತಿರವೇ ಉಳಿಯಿತು. ಕಟ್ಟೋದಕ್ಕೆ ಜಾಗದೊಳಗೆ ಬರೋ ಅನುಮತಿ ಮಾತ್ರ ಕೊಟ್ಟೆವು, ಸ್ವಾಧೀನ ಬಿಟ್ಟುಕೊಟ್ಟಿದ್ದೇವೆ ಅನ್ನೋ ಮಾತು ಎಲ್ಲೂ ಬರದ ಹಾಗೆ ವಕೀಲರು ನೋಡಿಕೊಂಡರು.

ಇಷ್ಟು ಬಿಗಿ ಮಾಡೋಕೆ ಇನ್ನೊಂದು ಕಾರಣ ಇದೆ. 500 ಚದರ ಮೀಟರ್ ದಾಟದ ಜಾಗ, ಅಥವಾ ಎಂಟು ಫ್ಲ್ಯಾಟ್ ದಾಟದ ಕಟ್ಟಡಕ್ಕೆ, ಬಿಲ್ಡರ್‌ಗಳ ಮೇಲೆ ಕಣ್ಣಿಡೋ ರೇರಾ ಕಾಯ್ದೆಯ ನೋಂದಣಿ ಬೇಕಿಲ್ಲ. ನಮ್ಮ ಸೈಟು ಸುಮಾರು 446 ಚದರ ಮೀಟರ್, ಫ್ಲ್ಯಾಟು ಸರಿಯಾಗಿ ಎಂಟು. ಅಂದರೆ ರೇರಾ ನೋಂದಣಿ ಇದ್ದರೆ ಸಿಗೋ ಕಾವಲು, ಬೇರೆ ಬ್ಯಾಂಕ್ ಖಾತೆಯಲ್ಲಿ ದುಡ್ಡು ಇಡಬೇಕು ಅನ್ನೋದೆಲ್ಲ ಇಲ್ಲಿ ಇಲ್ಲ. ನಿಮ್ಮ ಕರಾರೇ ನಿಮ್ಮ ಕಾವಲು.

ಪ್ಲಾನ್ ಪಾಸಾದ ಮೇಲೆ ಯಾವ ಫ್ಲ್ಯಾಟ್ ಯಾರಿಗೆ ಅಂತ ಹಂಚಿಕೆ ಒಪ್ಪಂದ ಬೇರೆ ಮಾಡಿದೆವು. "ನಾಲ್ಕು ಫ್ಲ್ಯಾಟ್" ಅಂತ ಮಾತ್ರ ಬರೆದರೆ ಪೂರ್ವದ ಬಾಗಿಲಿನವೆಲ್ಲ ಅವರಿಗೆ ಹೋಗುತ್ತವೆ. ನಂಬರ್, ಕಾರ್ಪೆಟ್ ಏರಿಯಾ, ಯಾವ ಕಾರ್ ಪಾರ್ಕಿಂಗ್, ಜಾಗದಲ್ಲಿ ಎಷ್ಟು ಅಡಿ ಅವಿಭಜಿತ ಪಾಲು, ತಾರಸಿ ಯಾರದ್ದು, ಎಲ್ಲಾ ಬರೆಸಿ. ನಮ್ಮ ಪಾಲಿನ ಮೇಲೆ ಜಿಎಸ್‌ಟಿ ಬಂದರೆ ಯಾರು ಕಟ್ಟಬೇಕು ಅನ್ನೋದನ್ನೂ. ನಮ್ಮದರಲ್ಲಿ ಬಿಲ್ಡರ್ ಕಟ್ಟಬೇಕು ಅಂತಾಯಿತು.

ಹಳೇ ಮನೆ ಕೆಡವೋ ಸಾಮಾನು ಯಾರದು ಅಂತ ಡ್ರಾಫ್ಟಿನಲ್ಲಿ ಒಂದು ಮಾತೂ ಇರಲಿಲ್ಲ. ಬರೆಯದಿದ್ದರೆ ಅದು ಕೆಡವೋನ ಪಾಲು. ತೇಗದ ಬಾಗಿಲು, ಕಿಟಕಿ, ತೊಲೆ, ಚಪ್ಪಡಿ ಕಲ್ಲು ಎಲ್ಲಾ ನಮ್ಮದು ಅಂತ ಸೇರಿಸಿದೆವು. ತೊಲೆ ಮಾರಿದ್ದರಲ್ಲೇ ಮೂರು ತಿಂಗಳ ಬಾಡಿಗೆಯಷ್ಟು ದುಡ್ಡು ಬಂತು. ಅಪ್ಪ ಮಾಡಿಸಿದ್ದ ಮುಂಬಾಗಿಲು ಈಗ ನಮ್ಮ ಫ್ಲ್ಯಾಟಿಗೇ ಇದೆ.

ಪಾಯದ ಮಾರ್ಕಿಂಗ್ ದಿನ ತಪ್ಪದೆ ಹೋಗಿ. ನಾನು ಬೆಳಿಗ್ಗೆ ಏಳಕ್ಕೆ ಪಾಸಾದ ಪ್ಲಾನಿನ ಕಾಪಿ, ಟೇಪು ಹಿಡಿದು ಹೋದೆ. ಮೇಸ್ತ್ರಿ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣ ಹಾಕಿ ಆಗಿತ್ತು. ಪಶ್ಚಿಮದ ಕಾಂಪೌಂಡಿನಿಂದ ಸುಣ್ಣದ ಗೆರೆಗೆ ಅಳೆದರೆ ಪ್ಲಾನಿನಲ್ಲಿ ಇದ್ದದ್ದಕ್ಕಿಂತ ಎರಡೂವರೆ ಅಡಿ ಕಮ್ಮಿ. ಕೇಳಿದರೆ "ರೂಮು ದೊಡ್ಡದಾಗುತ್ತೆ ಸಾರ್, ಎಲ್ಲರೂ ಹೀಗೇ ಮಾಡೋದು" ಅಂದರು. ಹೀಗೆ ಕಾಂಪೌಂಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಸೆಟ್‌ಬ್ಯಾಕ್ ತಿಂದರೆ ಕಟ್ಟಡ ಪ್ಲಾನಿನಂತೆ ಇರಲ್ಲ, ಓಸಿ ಸಿಗಲ್ಲ. ಓಸಿ ಇಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾತ್ಕಾಲಿಕ ಮೀಟರಿನಲ್ಲಿ ಎಂಟು ಮನೆ ಎಷ್ಟು ದಿನ ನಡೆಸೋಕಾಗುತ್ತೆ? ಅಂದು ಕೆಲಸ ನಿಲ್ಲಿಸಿ ಗೂಟ ಕೀಳಿಸಿದೆ. ಕಾಂಕ್ರೀಟ್ ಬಿದ್ದ ಮೇಲೆ ನೋಡಿದ್ದರೆ ಏನೂ ಮಾಡೋಕಾಗುತ್ತಿರಲಿಲ್ಲ. ಟೆರೇಸ್ ಮೇಲೆ ಇನ್ನೊಂದು ಮನೆ ಎಬ್ಬಿಸಿ ನಿಮಗೂ ಪಾಲು ಕೊಡ್ತೀವಿ ಅನ್ನೋ ಆಸೆಯೂ ಇದೇ ಜಾತಿಯದು, ಪ್ಲಾನಿನಲ್ಲಿ ಇಲ್ಲದ ಅಡಿಯನ್ನು ನಿಮ್ಮ ಪಾಲಿನ ಲೆಕ್ಕಕ್ಕೆ ಹಿಡಿಯಬೇಡಿ.

ತೆರಿಗೆ ಬಗ್ಗೆ ಆಡಿಟರ್ ಹೇಳಿದ್ದು ಚಿಕ್ಕದು, ಆದರೆ ಮುಖ್ಯ. ನಮ್ಮಂಥ ವ್ಯಕ್ತಿಗಳು ರಿಜಿಸ್ಟರ್ ಕರಾರು ಮಾಡಿಕೊಂಡರೆ ಕ್ಯಾಪಿಟಲ್ ಗೇನ್ ತೆರಿಗೆ ಬರೋದು ಕಟ್ಟಡದ ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕ ವರ್ಷ. ಅದಕ್ಕೆ ಮುಂಚೆ ನಿಮ್ಮ ಪಾಲನ್ನು ಮಾರಿದರೆ ಈ ಅನುಕೂಲ ಹೋಗುತ್ತೆ, ಮಾರಿದ ವರ್ಷವೇ ತೆರಿಗೆ. ಆ 35 ಲಕ್ಷದಲ್ಲಿ ಬಿಲ್ಡರ್ ಶೇಕಡಾ 10 ಟಿಡಿಎಸ್ ಹಿಡಿದುಕೊಂಡೇ ಕೊಟ್ಟರು, ರಿಟರ್ನ್‌ನಲ್ಲಿ ತೋರಿಸಬೇಕು.

ಕರಾರಿನಲ್ಲಿ 18 ತಿಂಗಳು, ಮೇಲೆ ಆರು ತಿಂಗಳ ವಿನಾಯಿತಿ ಇತ್ತು. ಬಾಡಿಗೆ ತಿಂಗಳಿಗೆ 18,000 ಅವರದೇ, "ಕಟ್ಟಡ ರೆಡಿ ಅಂತ ಪತ್ರ ಕೊಡೋವರೆಗೆ" ಅಂತ ಇದ್ದದ್ದನ್ನು "ಓಸಿ ಬರೋವರೆಗೆ" ಅಂತ ಬದಲಾಯಿಸಿದ್ದೆವು. ಆದದ್ದು 26 ತಿಂಗಳು. ಇಪ್ಪತ್ತನೇ ತಿಂಗಳಲ್ಲಿ ಕೆಲಸ ಪೂರ್ತಿ ನಿಂತಿತ್ತು, ಲಿಫ್ಟಿಗೆ ದುಡ್ಡು ಇಲ್ಲ ಅಂದರು. ಆಗ ಅವರ ಹತ್ತಿರ ಮಾರದ ಫ್ಲ್ಯಾಟ್ ಇನ್ನೂ ಎರಡಿತ್ತು, ಒಂದಕ್ಕೆ ಗಿರಾಕಿ ಅಡ್ವಾನ್ಸ್ ಕೊಟ್ಟು ಕಾಯುತ್ತಿದ್ದ. ಲಿಫ್ಟ್ ಓಡದೆ ಕ್ರಯ ಆಗಲ್ಲ ಅಂತ ಅವನೇ ಬಿಲ್ಡರ್ ಬೆನ್ನು ಹತ್ತಿದ. ಐದು ವಾರದಲ್ಲಿ ಲಿಫ್ಟ್ ಬಂತು. ಓಸಿ ಬಂದ ಮೇಲಿನ ವಾರ ನಾವು ಮೂವರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅವರ ನಾಲ್ಕನೇ ಫ್ಲ್ಯಾಟಿಗೆ ಸಹಿ ಹಾಕಿ ಬಂದೆವು.